ಬಾಡಿಗೆ ಮನೆಯ ವಿಮೆ: ಮಾಲೀಕರದ್ದೆಷ್ಟು, ಬಾಡಿಗೆದಾರರದ್ದೆಷ್ಟು?

ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದೀರಾ ಎಂದು ಮಾಲೀಕರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: "ಸಾಲ ತಗೊಂಡಾಗ ಬ್ಯಾಂಕಿನವರೇ ಮಾಡಿಸಿದ್ರು." ಬಾಡಿಗೆಗಿರುವವರನ್ನು ಕೇಳಿದರೆ, "ಮನೆ ನಮ್ಮದಲ್ಲವಲ್ಲ, ಅದೆಲ್ಲ ಓನರ್ ನೋಡ್ಕೋತಾರೆ" ಎನ್ನುತ್ತಾರೆ. ಎರಡು ಕಡೆಯವರೂ ನೆಮ್ಮದಿಯಾಗಿದ್ದಾರೆ, ಆದರೆ ಇಬ್ಬರ ನಡುವೆ ಬಹಳಷ್ಟು ವಸ್ತುಗಳು ಯಾರ ಪಾಲಿಸಿಗೂ ಸೇರದೆ ಉಳಿದಿವೆ. ಬೆಂಕಿಯೋ ನೆರೆಯೋ ಬಂದ ಮರುದಿನ ಇದು ಗೊತ್ತಾಗುತ್ತದೆ. ಆಗ ಗೊತ್ತಾಗಿ ಪ್ರಯೋಜನವಿಲ್ಲ.

ಇಲ್ಲಿ ಮೊದಲು ತಿಳಿಯಬೇಕಾದ ನಿಯಮ ಸರಳವಾಗಿದೆ. ಯಾವ ವಸ್ತು ಹಾಳಾದರೆ ನಷ್ಟ ಯಾರಿಗೋ, ಅದಕ್ಕೆ ವಿಮೆ ಮಾಡಿಸಬೇಕಾದವರು ಅವರೇ. ಮಾಲೀಕರು ಎಷ್ಟೇ ದೊಡ್ಡ ಮೊತ್ತದ ಪಾಲಿಸಿ ತೆಗೆದುಕೊಂಡಿದ್ದರೂ ಬಾಡಿಗೆದಾರರ ಫ್ರಿಜ್ಜಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬಾಡಿಗೆದಾರರು ಮಾಲೀಕರ ಗೋಡೆಗೆ ವಿಮೆ ಮಾಡಿಸಲು ಹೋಗಬೇಕಾಗಿಯೂ ಇಲ್ಲ. ಎಲ್ಲಿ ಒಬ್ಬರದ್ದು ಮುಗಿದು ಇನ್ನೊಬ್ಬರದ್ದು ಶುರುವಾಗುತ್ತದೆ ಎಂಬುದನ್ನು ಗುರುತಿಸುವುದಷ್ಟೇ ಕೆಲಸ. ಅದು ಮನೆಯ ಬಾಗಿಲಿನಲ್ಲಿ ಮಾತ್ರ ಇಲ್ಲ. ಸ್ನಾನದ ಮನೆಯ ಗೀಸರಿನಲ್ಲಿದೆ, ಅಡುಗೆಮನೆಯ ಚಿಮಣಿಯಲ್ಲಿದೆ, ಯುಪಿಎಸ್ ಬ್ಯಾಟರಿಯಲ್ಲಿದೆ.

ನಮ್ಮ ದೇಶದಲ್ಲಿ ಇದಕ್ಕೆ ಅನುಕೂಲವಾಗುವ ಒಂದು ಮಾದರಿ ಪಾಲಿಸಿ ಇದೆ. ಹೆಸರು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರ ಇದರ ಷರತ್ತುಗಳನ್ನು ರೂಪಿಸಿ, 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಷರತ್ತುಗಳು ಒಂದೇ; ಪ್ರೀಮಿಯಂ ಮತ್ತು ಮೇಲೆ ಸೇರಿಸುವ ಸೌಲಭ್ಯಗಳಷ್ಟೇ ಬೇರೆ. ಬೆಂಕಿ, ಸಿಲಿಂಡರ್ ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಮರವೋ ವಾಹನವೋ ಬಂದು ಬಡಿಯುವುದು, ಗಲಭೆ, ನೀರಿನ ಟ್ಯಾಂಕು ಅಥವಾ ಪೈಪು ಒಡೆಯುವುದು, ಇವೆಲ್ಲ ಇದರಲ್ಲಿ ಬರುತ್ತವೆ. ಕಟ್ಟಡಕ್ಕೆ ಮಾತ್ರ, ಒಳಗಿನ ಸಾಮಾನಿಗೆ ಮಾತ್ರ, ಅಥವಾ ಎರಡಕ್ಕೂ ಸೇರಿಸಿ ಇದನ್ನು ತೆಗೆದುಕೊಳ್ಳಬಹುದು. ಒಮ್ಮೆಗೇ 10 ವರ್ಷಗಳವರೆಗೂ ಮಾಡಿಸಬಹುದು. ಪ್ರೀಮಿಯಂ ಎಂದರೆ ಹೆದರುವವರಿಗೆ ಒಂದು ಮಾತು: ಸಾಮಾನ್ಯ ಮನೆಯೊಂದರ ಕಟ್ಟಡಕ್ಕೆ ವರ್ಷಕ್ಕೆ ಕಟ್ಟುವ ಹಣ ಅದರ ಒಂದು ತಿಂಗಳ ಬಾಡಿಗೆಗಿಂತ ಬಹಳ ಕಡಿಮೆ ಇರುತ್ತದೆ.

ನಮ್ಮ ಊರುಗಳಲ್ಲಿ ಎಲ್ಲೆಲ್ಲೂ ಕಾಣುವ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೂವತ್ತಕ್ಕೆ ನಲವತ್ತರ ಸೈಟು, ಮೂರು ಅಂತಸ್ತು. ಕೆಳಗೆ ಮಾಲೀಕರ ಸಂಸಾರ, ಮೇಲಿನ ಎರಡು ಪೋರ್ಷನ್‌ಗಳು ಬಾಡಿಗೆಗೆ. ಬಾಡಿಗೆ ಮನೆಗಳಲ್ಲಿ ಮಾಲೀಕರೇ ಮಾಡಿಸಿಕೊಟ್ಟ ವಾರ್ಡ್‌ರೋಬು, ಅಡುಗೆಮನೆಯ ಕಪಾಟು, ಗೀಸರು, ಚಿಮಣಿ, ಫ್ಯಾನುಗಳಿವೆ. ಈ ಆಸ್ತಿಯನ್ನು ಮಾರಿದರೆ ಒಂದೂಮುಕ್ಕಾಲು ಕೋಟಿ ಬರುತ್ತದೆ ಎಂದುಕೊಳ್ಳಿ. ಹಾಗಾದರೆ ವಿಮೆಯೂ ಅಷ್ಟಕ್ಕೇ ಬೇಕೇ? ಬೇಡ. ಬೆಲೆಯ ದೊಡ್ಡ ಪಾಲು ನೆಲದ್ದು. ಬೆಂಕಿ ಬಿದ್ದರೆ ನೆಲ ಸುಡುವುದಿಲ್ಲ. ವಿಮೆ ಮಾಡಿಸಬೇಕಾದದ್ದು ಇದೇ ಮನೆಯನ್ನು ಇವತ್ತು ಮತ್ತೆ ಕಟ್ಟಲು ತಗಲುವ ಖರ್ಚಿಗೆ.

ಆ ಖರ್ಚನ್ನು ಲೆಕ್ಕ ಹಾಕುವಾಗ ಒಂದು ತಪ್ಪು ಸುಲಭವಾಗಿ ಆಗುತ್ತದೆ. ಪಾಲಿಸಿಯ ಸೂತ್ರದಲ್ಲಿ ಕಾರ್ಪೆಟ್ ಏರಿಯಾವನ್ನು, ಎಂದರೆ ಗೋಡೆಗಳ ಒಳಗಿನ ಜಾಗವನ್ನು, ಕಟ್ಟುವ ದರದಿಂದ ಗುಣಿಸುತ್ತಾರೆ. ಆದರೆ ನಮ್ಮ ಮೇಸ್ತ್ರಿ, ಕಂಟ್ರಾಕ್ಟರುಗಳು ದರ ಹೇಳುವುದು ಗೋಡೆ, ಮೆಟ್ಟಿಲು, ಬಾಲ್ಕನಿ ಎಲ್ಲ ಸೇರಿದ ಬಿಲ್ಟಪ್ ಏರಿಯಾಕ್ಕೆ. ನಮ್ಮ ಉದಾಹರಣೆಯ ಮನೆಯಲ್ಲಿ ಬಿಲ್ಟಪ್ ಏರಿಯಾ 2,850 ಚದರ ಅಡಿ, ಕಂಟ್ರಾಕ್ಟರ್ ದರ ಚದರ ಅಡಿಗೆ 2,100 ರೂಪಾಯಿ ಎಂದಿಟ್ಟುಕೊಳ್ಳಿ. ಕಟ್ಟಲು ಹೆಚ್ಚುಕಡಿಮೆ 60 ಲಕ್ಷ ಬೇಕು. ಅದೇ ದರವನ್ನು ಒಳಗಿನ 2,400 ಚದರ ಅಡಿಗೆ ಹಾಕಿದರೆ ಸಿಗುವುದು 50 ಲಕ್ಷದ ಆಸುಪಾಸು. ಹತ್ತು ಲಕ್ಷ ಕಾಣದಂತೆ ಜಾರಿಹೋಯಿತು. ಹಾಗಾಗಿ ಒಟ್ಟು ಖರ್ಚನ್ನು ಮೊದಲು ತಿಳಿದು, ಅದನ್ನು ಕಾರ್ಪೆಟ್ ಏರಿಯಾದಿಂದ ಭಾಗಿಸಿ, ಚದರ ಅಡಿಗೆ 2,500 ರೂಪಾಯಿ ಎಂದು ನಮೂದಿಸುವುದು ಸರಿಯಾದ ದಾರಿ. ಕಾಂಪೌಂಡ್ ಗೋಡೆ, ಗೇಟು, ಸಂಪು, ಸೋಲಾರ್ ಇವನ್ನು ಇದರ ಮೇಲೆ ಬೇರೆಯಾಗಿ ಸೇರಿಸಬೇಕು. ಅವುಗಳಿಗೆ 3 ಲಕ್ಷ ಎಂದರೆ ವಿಮಾ ಮೊತ್ತ 63 ಲಕ್ಷ.

ಈ ಪಾಲಿಸಿಯಲ್ಲಿ ಮೊತ್ತ ಕಡಿಮೆ ನಮೂದಾಗಿದ್ದರೆ ಕ್ಲೇಮನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಹಳೆಯ ಪದ್ಧತಿಯನ್ನು ತೆಗೆದುಹಾಕಿದ್ದಾರೆ. ಇದು ದೊಡ್ಡ ಉಪಕಾರ. 6 ಲಕ್ಷದ ಸಣ್ಣ ನಷ್ಟಕ್ಕೆ 6 ಲಕ್ಷವೂ ಸಿಗುತ್ತದೆ. ಆದರೆ ಮನೆ ಪೂರ್ತಿ ಹೋದರೆ ಪಾಲಿಸಿಯಲ್ಲಿ ಬರೆದ ಮೊತ್ತಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ. ಕಟ್ಟಡದ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ, ಅದಕ್ಕೆ ಹೆಚ್ಚಿನ ಪ್ರೀಮಿಯಂ ಇಲ್ಲ. ಅದರೆ ಶುರುವಿನ ಅಂಕಿಯೇ ತಪ್ಪಿದ್ದರೆ ಏರಿಕೆಯೂ ಆ ಕೊರತೆಯನ್ನು ಬೇಗ ತುಂಬಿಕೊಡುವುದಿಲ್ಲ.

ಕಟ್ಟಡದ ಜೊತೆಗೆ ಸಾಮಾನನ್ನೂ ಸೇರಿಸಿದರೆ ಕಟ್ಟಡದ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಪಟ್ಟಿ ಕೊಡದೆಯೇ ಮನೆಯ ಸಾಮಾನಿಗೆ ರಕ್ಷಣೆ ಸಿಗುತ್ತದೆ. ಗೋಡೆಗೆ ಹೊಡೆದು ಕೂರಿಸಿದ ವಾರ್ಡ್‌ರೋಬು, ಬಾತ್‌ರೂಮ್ ಫಿಟ್ಟಿಂಗ್ ಕಟ್ಟಡದ ಭಾಗ. ಆದರೆ ಗೀಸರು, ಎಸಿ ಮುಂತಾದ ವಿದ್ಯುತ್ ಉಪಕರಣಗಳು ಗೋಡೆಗೆ ಕೂರಿಸಿದ್ದರೂ ಸಾಮಾನಿನ ಲೆಕ್ಕಕ್ಕೆ ಬರುತ್ತವೆ. "ಸಾಮಾನೆಲ್ಲ ಬಾಡಿಗೆಯವರದ್ದು, ನಮಗೆ ಕಟ್ಟಡದ ಪಾಲಿಸಿ ಸಾಕು" ಎನ್ನುವ ಮಾಲೀಕರು ತಮ್ಮದೇ ಗೀಸರು, ಚಿಮಣಿ, ಎಸಿಗಳನ್ನು ಹೊರಗಿಟ್ಟಂತಾಗುತ್ತದೆ. ಫರ್ನಿಶ್ ಮಾಡಿ ಬಾಡಿಗೆಗೆ ಕೊಡುವವರಿಗಂತೂ ಸಾಮಾನಿನ ಭಾಗ ಅನಿವಾರ್ಯ.

ಬ್ಯಾಂಕ್ ಮಾಡಿಸಿದ ಪಾಲಿಸಿಯನ್ನೂ ಒಮ್ಮೆ ತೆಗೆದು ಓದಬೇಕು. ಅದು ಹೆಚ್ಚಾಗಿ ಕಟ್ಟಡಕ್ಕೆ ಮಾತ್ರ ಇರುತ್ತದೆ, ಕೆಲವೊಮ್ಮೆ ಸಾಲದ ಮೊತ್ತಕ್ಕಷ್ಟೇ. ಕ್ಲೇಮಿನ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದ್ದು. ಸಾಲ ತೀರಿದ ಮೇಲೆ ಅದನ್ನು ಯಾರೂ ನವೀಕರಿಸದೆ ಬಿಟ್ಟಿರುವುದೂ ಉಂಟು. ನೀವು ವಾಸವಿದ್ದಾಗ ಮಾಡಿಸಿದ ಪಾಲಿಸಿಯಾಗಿದ್ದರೆ, ಈಗ ಬಾಡಿಗೆಗೆ ಕೊಟ್ಟಿರುವುದನ್ನು ಕಂಪನಿಗೆ ಬರೆದು ತಿಳಿಸಿ. ಕೆಳಗೆ ಅಂಗಡಿ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಗೃಹ ರಕ್ಷಾ ವಾಸದ ಮನೆಗೆ ಮಾತ್ರ. ಅಂಗಡಿ ಭಾಗಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಬೇರೆ ಪಾಲಿಸಿ ಇದೆ. ನಮ್ಮ ಬೀದಿಗಳಲ್ಲಿ ಕೆಳಗೆ ಬೇಕರಿ, ಮೇಲೆ ಸಂಸಾರ ಎಂಬ ಕಟ್ಟಡಗಳೇ ಹೆಚ್ಚು, ಇಲ್ಲಿ ಎಡವುವವರೂ ಹೆಚ್ಚು.

ಅಪಾರ್ಟ್‌ಮೆಂಟ್ ಆದರೆ ಸಂಘದವರು ಇಡೀ ಕಟ್ಟಡಕ್ಕೆ ವಿಮೆ ಮಾಡಿಸಿದ್ದಾರೆಯೇ ಎಂದು ವಿಚಾರಿಸಿ, ಅದರ ಪ್ರತಿ ಕೇಳಿ ಪಡೆಯಿರಿ. ಲಿಫ್ಟು, ಜನರೇಟರು, ಮೆಟ್ಟಿಲುಗಳಿಗಷ್ಟೇ ಮಾಡಿಸಿದ್ದರೆ ನಿಮ್ಮ ಫ್ಲ್ಯಾಟಿನ ಒಳಭಾಗ ನಿಮ್ಮ ಹೊಣೆ. 2024ರ ಅಕ್ಟೋಬರ್ ಮಳೆಯಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅಂಥ ಸಂದರ್ಭದಲ್ಲಿ ಕಟ್ಟಡದ ಹಾನಿ, ಫ್ಲ್ಯಾಟಿನೊಳಗಿನ ಹಾನಿ, ಪಾರ್ಕಿಂಗಿನಲ್ಲಿ ಮುಳುಗಿದ ಕಾರು ಮೂರೂ ಮೂರು ಪಾಲಿಸಿಗಳ ವಿಷಯ. ಕಾರು, ಸ್ಕೂಟರು ಮನೆಯ ಪಾಲಿಸಿಗೆ ಬರುವುದೇ ಇಲ್ಲ. ವಾಹನ ವಿಮೆಯಲ್ಲಿ ಸ್ವಂತ ಹಾನಿಯ ಭಾಗ ಇರಬೇಕು.

ಈಗ ನಮ್ಮ ಉದಾಹರಣೆಯ ಮನೆಗೆ ಹಿಂದಿರುಗೋಣ. ಮೊದಲ ಮಹಡಿಯ ಅಡುಗೆಮನೆಯಲ್ಲಿ ಗ್ಯಾಸ್ ಸೋರಿ ಬೆಂಕಿ ಹೊತ್ತಿಕೊಂಡಿತು ಎನ್ನಿ. ಪ್ರಾಣಹಾನಿ ಇಲ್ಲ. ಅಗ್ನಿಶಾಮಕ ದಳ ಬಂದು ಆರಿಸಿತು. ಗೋಡೆ, ವೈರಿಂಗ್, ಕಿಟಕಿ, ಕಪಾಟು ಹಾಳಾಗಿ 6 ಲಕ್ಷ. ನೀರು ಇಳಿದು ಕೆಳಗಿನ ಮನೆಯ ಸೀಲಿಂಗ್ ಕೆಟ್ಟದ್ದೂ ಅದರಲ್ಲಿ ಸೇರಿದೆ, ಏಕೆಂದರೆ ಬೆಂಕಿ ಆರಿಸಲು ಹಾಕಿದ ನೀರಿನ ಹಾನಿಯೂ ಬೆಂಕಿಯ ಹಾನಿಯೇ. ಮಾಲೀಕರ ಗೀಸರು, ಚಿಮಣಿ, ಫ್ಯಾನು 45 ಸಾವಿರ. ಬಾಡಿಗೆದಾರರ ಫ್ರಿಜ್ಜು, ವಾಷಿಂಗ್ ಮೆಷಿನ್, ಸೋಫಾ, ಬಟ್ಟೆಬರೆ 3 ಲಕ್ಷದ 20 ಸಾವಿರ. ರಿಪೇರಿಗೆ ಐದು ತಿಂಗಳು ಹಿಡಿಯಿತು. ಬಾಡಿಗೆ ತಿಂಗಳಿಗೆ 22 ಸಾವಿರ.

ಮಾಲೀಕರ ಪಾಲಿಸಿಯಿಂದ ಕಟ್ಟಡದ 6 ಲಕ್ಷ, ಅವರ ಉಪಕರಣಗಳ 45 ಸಾವಿರ ಬರುತ್ತದೆ. ಮನೆ ವಾಸಕ್ಕೆ ಯೋಗ್ಯವಿಲ್ಲದ ಅವಧಿಯ ಬಾಡಿಗೆ ನಷ್ಟವೂ ಗೃಹ ರಕ್ಷಾದಲ್ಲಿ ಸೇರಿಯೇ ಇದೆ. ಐದು ತಿಂಗಳಿಗೆ 1 ಲಕ್ಷದ 10 ಸಾವಿರ. ಬಹಳ ಮಾಲೀಕರು ಈ ಬಾಬ್ತನ್ನು ಕೇಳುವುದೇ ಇಲ್ಲ, ಪಾಲಿಸಿಯಲ್ಲಿದೆ ಎಂದು ಗೊತ್ತಿಲ್ಲದೆ. ಆದರೆ ಇದಕ್ಕೆ ಕರಾರು ಪತ್ರ ಮತ್ತು ಬಾಡಿಗೆ ಬ್ಯಾಂಕಿನ ಮೂಲಕ ಬಂದ ದಾಖಲೆ ಬೇಕು. ಕೈಯಲ್ಲಿ ನಗದು ತೆಗೆದುಕೊಂಡು, ಕರಾರಿನಲ್ಲಿ ಅರ್ಧ ಬಾಡಿಗೆ ತೋರಿಸಿದವರು ಅರ್ಧವನ್ನೇ ಕೇಳಬಹುದು.

ಬಾಡಿಗೆದಾರರ 3 ಲಕ್ಷದ 20 ಸಾವಿರ? ಅವರದೇ ಪಾಲಿಸಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಮಾನಿಗೆ ಮಾತ್ರವೇ ಪಾಲಿಸಿ ತೆಗೆದುಕೊಳ್ಳಲು ಸ್ವಂತ ಮನೆ ಬೇಕಾಗಿಲ್ಲ. ಕರಾರಿನಲ್ಲಿರುವ ವಿಳಾಸ ಸಾಕು. ಮೊತ್ತ ಅಂದಾಜಿಸಲು ಒಂದೊಂದೇ ಕೋಣೆಗೆ ಹೋಗಿ, ಅಲ್ಲಿರುವುದನ್ನೆಲ್ಲ ಇವತ್ತು ಹೊಸದಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ಬರೆಯಬೇಕು. ಬಟ್ಟೆಯನ್ನು ಮರೆಯುವವರೇ ಹೆಚ್ಚು. ನಾಲ್ವರ ಸಂಸಾರದ ರೇಷ್ಮೆ ಸೀರೆ, ಸ್ವೆಟರು, ಹಾಸಿಗೆ, ಪಾತ್ರೆಪಡಗ ಸೇರಿಸಿ ನೋಡಿ, ಟಿವಿ ಫ್ರಿಜ್ಜುಗಳನ್ನು ಮೀರುತ್ತದೆ. ಒಡವೆಗೆ ಬೇರೆ ಮೌಲ್ಯಪತ್ರದೊಂದಿಗೆ ಬೇರೆಯಾಗಿಯೇ ಮಾಡಿಸಬೇಕು. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ನಿಮ್ಮ ಸ್ವತ್ತಲ್ಲ. ಅದರ ವಿಮೆ ಯಾರ ಹೊಣೆ ಎಂದು ಕಂಪನಿಯನ್ನು ಕೇಳಿ ಇಟ್ಟುಕೊಳ್ಳಿ. ಮನೆ ಬಿಟ್ಟು ಹೆಚ್ಚಿನ ಬಾಡಿಗೆಯ ಬೇರೆ ಮನೆಗೆ ಹೋಗಬೇಕಾದಾಗ ಆ ವ್ಯತ್ಯಾಸದ ಹಣ ನಿಮ್ಮ ಪಾಲಿಸಿಯಲ್ಲಿ ಬರುತ್ತದೆಯೇ ಎಂಬುದನ್ನೂ ಕೊಳ್ಳುವ ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಿ.

ಇಂಥ ಬೆಂಕಿಯಲ್ಲಿ ಇನ್ನೊಂದು ನೆರವೂ ಇದೆ, ಅದು ಹಲವರಿಗೆ ತಿಳಿದಿಲ್ಲ. ಸರ್ಕಾರಿ ತೈಲ ಕಂಪನಿಗಳು ಅಡುಗೆ ಅನಿಲದ ಗ್ರಾಹಕರಿಗಾಗಿ ಸಾರ್ವಜನಿಕ ಹೊಣೆಯ ವಿಮೆ ಇಟ್ಟಿರುತ್ತವೆ. ಎಲ್‌ಪಿಜಿಯೇ ಮೂಲ ಕಾರಣವಾದ ಅಪಘಾತದಲ್ಲಿ ಮರಣಕ್ಕೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ ಗರಿಷ್ಠ 2 ಲಕ್ಷ, ನೋಂದಾಯಿತ ವಿಳಾಸದಲ್ಲಿ ಆದ ಆಸ್ತಿ ಹಾನಿಗೆ ಒಂದು ಘಟನೆಗೆ ಗರಿಷ್ಠ 2 ಲಕ್ಷ. ಇದಕ್ಕೆ ಬೇರೆ ಪ್ರೀಮಿಯಂ ಇಲ್ಲ. ಗ್ಯಾಸ್ ಏಜೆನ್ಸಿಗೆ ತಕ್ಷಣ ಬರೆದು ತಿಳಿಸಬೇಕು. ಆದರೆ "ನೋಂದಾಯಿತ ವಿಳಾಸ" ಎಂಬುದನ್ನು ಗಮನಿಸಿ. ಊರಿನ ವಿಳಾಸದ ಸಿಲಿಂಡರ್ ತಂದು ಬಾಡಿಗೆ ಮನೆಯಲ್ಲಿ ಬಳಸುವವರು, ಮನೆ ಬದಲಿಸಿದರೂ ಸಂಪರ್ಕ ಬದಲಿಸದವರು ಆಸ್ತಿ ಹಾನಿಯ ಈ ಹಣವನ್ನು ಕಳೆದುಕೊಳ್ಳುತ್ತಾರೆ.

ಇನ್ನು ಬಾಡಿಗೆದಾರರಿಗೆ ನಿಜವಾಗಿ ಹೊರೆಯಾಗುವ ಭಾಗ. ಒಲೆ ಆರಿಸದೆ ಹೊರಗೆ ಹೋಗಿದ್ದರು ಎಂಬುದು ತನಿಖೆಯಲ್ಲಿ ಗೊತ್ತಾದರೆ? ಮಾಲೀಕರಿಗೆ ಹಣ ಕೊಟ್ಟ ವಿಮಾ ಕಂಪನಿ, ಆ ಮಾಲೀಕರ ಹಕ್ಕನ್ನು ಪಡೆದು, ನಷ್ಟಕ್ಕೆ ಕಾರಣರಾದವರಿಂದ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಸಹಜ ಸವಕಳಿ ಮತ್ತು ತಡೆಯಲಾಗದ ಶಕ್ತಿಯ ಹಾನಿಗೆ ಮಾತ್ರ ವಿನಾಯಿತಿ. ಮಿಂಚಿನಿಂದಾದ ಬೆಂಕಿ ಬೇರೆ, ಮರೆತ ಒಲೆಯ ಬೆಂಕಿ ಬೇರೆ. ಆದ್ದರಿಂದ ಬಾಡಿಗೆದಾರರು ತಮ್ಮ ಪಾಲಿಸಿಗೆ ಹೊಣೆಗಾರಿಕೆಯ ಭಾಗವನ್ನು ಸೇರಿಸಿಕೊಳ್ಳುವುದನ್ನು ನಾನು ಒತ್ತಿ ಹೇಳುತ್ತೇನೆ. ಗೃಹ ರಕ್ಷಾದ ಮೂಲ ಪಾಲಿಸಿಯಲ್ಲಿ ಅದು ಇಲ್ಲ. ಕೆಲವು ಕಂಪನಿಗಳ ಹೌಸ್‌ಹೋಲ್ಡರ್ ಪ್ಯಾಕೇಜುಗಳಲ್ಲಿ ಸಿಗುತ್ತದೆ. ಮಾಲೀಕರ ಕಟ್ಟಡಕ್ಕೆ ಆದ ಹಾನಿಯೂ ಅದರಲ್ಲಿ ಸೇರುತ್ತದೆಯೇ ಎಂದು ಕೇಳಬೇಕು. ಮಾಲೀಕರಿಗೂ ಇದೇ ಬೇಕು: ಕಾಂಪೌಂಡ್ ಗೋಡೆ ಕುಸಿದು ಬೀದಿಯಲ್ಲಿ ಹೋಗುವವರಿಗೆ ಪೆಟ್ಟಾದರೆ ಕಟ್ಟಡದ ಪಾಲಿಸಿ ಗೋಡೆಯನ್ನು ಕಟ್ಟಿಸಿಕೊಡುತ್ತದೆ, ಪೆಟ್ಟಾದವರಿಗೆ ಪರಿಹಾರ ಕೊಡುವುದಿಲ್ಲ.

ವಿಮೆಯಿಂದ ಹಣ ಪಡೆದ ಮಾಲೀಕರು ಅದೇ ನಷ್ಟಕ್ಕೆ ಅಡ್ವಾನ್ಸಿನಲ್ಲೂ ಹಣ ಹಿಡಿದುಕೊಳ್ಳುವುದು ನ್ಯಾಯವಲ್ಲ, ಒಂದೇ ನಷ್ಟಕ್ಕೆ ಎರಡು ಬಾರಿ ಪರಿಹಾರ ಪಡೆಯಲು ಕಾನೂನೂ ಒಪ್ಪುವುದಿಲ್ಲ. ಕರಾರು ಪತ್ರದಲ್ಲೇ ಈ ಬಗ್ಗೆ ಒಂದು ಸಾಲು ಬರೆದುಕೊಂಡರೆ ಜಗಳ ತಪ್ಪುತ್ತದೆ. ಆ ಪತ್ರದ ಕೊನೆಗೆ ಲಗತ್ತಿಸುವ ಫಿಟ್ಟಿಂಗ್ ಪಟ್ಟಿಯೂ ಇಲ್ಲಿ ಬೆಲೆಬಾಳುತ್ತದೆ. ಎಷ್ಟು ಫ್ಯಾನು, ಯಾವ ಕಂಪನಿಯ ಗೀಸರು, ಯಾವ ವರ್ಷದ್ದು ಎಂದು ಬರೆದು ಇಬ್ಬರೂ ಸಹಿ ಹಾಕಿದ್ದರೆ ಸರ್ವೇಯರ್ ಬಂದಾಗ ಯಾವುದು ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.

ಕಳ್ಳತನದ ವಿಷಯದಲ್ಲಿ ಹೆಚ್ಚಿನವರ ಎಣಿಕೆ ತಪ್ಪುತ್ತದೆ. ಗೃಹ ರಕ್ಷಾದಲ್ಲಿ ಬರುವ ಕಳ್ಳತನ ಒಂದೇ ಬಗೆಯದು: ಬೆಂಕಿ, ನೆರೆಯಂಥ ಘಟನೆ ನಡೆದು ಅದರ ಪರಿಣಾಮವಾಗಿ ಏಳು ದಿನಗಳೊಳಗೆ ಆದದ್ದು. ಊರಿಗೆ ಹೋಗಿದ್ದಾಗ ಬೀಗ ಒಡೆದು ಕದ್ದೊಯ್ದರೆ ಬೇರೆ ಬರ್ಗ್ಲರಿ ಪಾಲಿಸಿ ಬೇಕು. ಅದಕ್ಕೂ ಬಲವಂತವಾಗಿ ಒಳನುಗ್ಗಿದ ಗುರುತು ಇರಬೇಕಾಗುತ್ತದೆ. ಮನೆಯೊಳಗೆ ಹಕ್ಕಿನಿಂದ ಬಂದವರು ಕದ್ದರೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಎಂದರೆ, ಖಾಲಿ ಮಾಡುವ ಬಾಡಿಗೆದಾರರು ಮಾಲೀಕರ ಎಸಿಯನ್ನು ಬಿಚ್ಚಿಕೊಂಡು ಹೋದರೆ ಅದಕ್ಕೆ ವಿಮೆಯಲ್ಲಿ ದಾರಿಯಿಲ್ಲ, ಅಡ್ವಾನ್ಸ್ ಇರುವುದೇ ಅದಕ್ಕೆ. ಮಳೆಗಾಲದಲ್ಲಿ ತಾರಸಿಯಿಂದ ಜಿನುಗಿ ಗೋಡೆ ಹಸಿಯಾಗುವುದೂ ಹಾಗೆಯೇ. ಪೈಪು ಒಡೆದು ನೀರು ನುಗ್ಗಿದರೆ ಕ್ಲೇಮು ಉಂಟು. ವರ್ಷಗಟ್ಟಲೆ ನಿಧಾನವಾಗಿ ಒಸರಿದ್ದಕ್ಕೆ ಇಲ್ಲ. ವೋಲ್ಟೇಜ್ ಏರಿ ಟಿವಿ ತಾನೇ ಸುಟ್ಟರೆ ಆ ಟಿವಿಗೂ ಇಲ್ಲ, ಅದರಿಂದ ಬೆಂಕಿ ಹರಡಿ ಸೋಫಾ ಸುಟ್ಟರೆ ಸೋಫಾಕ್ಕೆ ಉಂಟು.

ಹಾನಿಯಾದಾಗ ಮೊದಲು ಕಂಪನಿಗೆ ಫೋನಿನಲ್ಲೂ ಬರಹದಲ್ಲೂ ತಿಳಿಸಿ, ಅಗ್ನಿಶಾಮಕ ದಳದ ವರದಿ ಪಡೆಯಿರಿ. ಮನೆ ಗುಡಿಸಿ ತೊಳೆಯುವ ಆತುರ ಬೇಡ. ಸುಟ್ಟ ವಸ್ತುವನ್ನು ಸರ್ವೇಯರ್ ನೋಡುವ ಮೊದಲು ಗುಜರಿಗೆ ಹಾಕಿದರೆ ಅದು ಇತ್ತೆಂದು ಸಾಬೀತು ಮಾಡುವುದು ಕಷ್ಟ. ಬಿಲ್ಲುಗಳು ಅದೇ ಮನೆಯಲ್ಲಿ ಸುಟ್ಟುಹೋಗಿರುತ್ತವೆ, ಆದ್ದರಿಂದ ವರ್ಷಕ್ಕೊಮ್ಮೆ ಇಡೀ ಮನೆಯ ವಿಡಿಯೊ ತೆಗೆದು ಬೇರೆಯವರ ಫೋನಿಗೋ ಇಮೇಲಿಗೋ ಕಳಿಸಿಡಿ. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ 50 ಲಕ್ಷದವರೆಗಿನ ತಕರಾರುಗಳನ್ನು ಶುಲ್ಕವಿಲ್ಲದೆ ವಿಚಾರಿಸುತ್ತಾರೆ.

ನಮ್ಮಲ್ಲಿರುವ ಭೋಗ್ಯದ ಮನೆಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಎಂಟೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇರುವವರಿಗೆ ಆ ಹಣವೇ ದೊಡ್ಡ ಆಸ್ತಿ. ಅದು ಯಾವ ಮನೆ ವಿಮೆಗೂ ಬರುವುದಿಲ್ಲ, ಏಕೆಂದರೆ ಅದು ಮನೆಯೊಳಗಿನ ವಸ್ತುವಲ್ಲ, ಮಾಲೀಕರು ನಿಮಗೆ ಕೊಡಬೇಕಾದ ಸಾಲ. ಮನೆ ಸುಟ್ಟು ಮಾಲೀಕರಿಗೆ ವಿಮೆಯ ಹಣ ಬಂದರೂ ಅದರಲ್ಲಿ ನಿಮಗೆ ನೇರ ಪಾಲಿಲ್ಲ. ತಿಂಗಳ ಬಾಡಿಗೆಯೇ ಇಲ್ಲದ್ದರಿಂದ ಮಾಲೀಕರೂ ಬಾಡಿಗೆ ನಷ್ಟವನ್ನು ತೋರಿಸುವುದು ಕಷ್ಟ. ಭೋಗ್ಯಕ್ಕೆ ಹೋಗುವವರು ಕಟ್ಟಡದ ಪಾಲಿಸಿಯ ಪ್ರತಿಯನ್ನು ಮೊದಲೇ ಕೇಳಿ ಪಡೆಯಬೇಕು. ಮನೆ ವಾಸಕ್ಕೆ ಅಯೋಗ್ಯವಾದರೆ ಇಷ್ಟು ದಿನಗಳೊಳಗೆ ಪೂರ್ತಿ ಹಣ ವಾಪಸು ಎಂಬ ಷರತ್ತನ್ನು ಪತ್ರದಲ್ಲಿ ಬರೆಸಿ, ಆ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಒಳಗಿನ ಸಾಮಾನಿಗೆ ಮಾಮೂಲು ಬಾಡಿಗೆದಾರರಂತೆಯೇ ತಮ್ಮದೇ ಪಾಲಿಸಿ ಮಾಡಿಸಿಕೊಳ್ಳಬಹುದು.